ರಿಪೇರಿಗೆ ಕೊಡುವ ಮೊದಲು: ಬೆರಳಚ್ಚು, ಮುಖದ ಗುರುತು ಮತ್ತು ಫೋನಿನಲ್ಲಿ ಉಳಿದ ಕಾರ್ಡುಗಳು

ಫೋನನ್ನು ರಿಪೇರಿಗೆ ಕೊಡುವ ಮಾತು ಬಂದಾಗ ಹೆಚ್ಚಿನವರ ಮನಸ್ಸಿನಲ್ಲಿರುವ ಭಯ ಒಂದೇ: 'ನನ್ನ ಬೆರಳಚ್ಚು ಅವರ ಕೈಗೆ ಸಿಕ್ಕಿಬಿಟ್ಟರೆ?' ಈ ಭಯವನ್ನು ಮೊದಲು ಬಿಡಿಸಿಕೊಳ್ಳೋಣ. ಏಕೆಂದರೆ ಇದು ಇರಬೇಕಾದ ಜಾಗದಲ್ಲಿ ಇಲ್ಲದ ಭಯ, ಮತ್ತು ನಾವು ಇದರಲ್ಲೇ ಮುಳುಗಿರುವಾಗ ನಿಜವಾಗಿ ಹೆದರಬೇಕಾದ ಸಂಗತಿ ಕಣ್ಣು ತಪ್ಪಿಸಿಕೊಳ್ಳುತ್ತದೆ.

ನೀವು ಬೆರಳನ್ನು ಹತ್ತಾರು ಬಾರಿ ಒತ್ತಿ ನೋಂದಾಯಿಸುವಾಗ ಫೋನು ನಿಮ್ಮ ಬೆರಳಿನ ಚಿತ್ರವನ್ನು ಗ್ಯಾಲರಿಯಲ್ಲಿ ಫೋಟೋ ಇಟ್ಟಂತೆ ಇಟ್ಟುಕೊಳ್ಳುವುದಿಲ್ಲ. ಗೆರೆಗಳ ವಿನ್ಯಾಸದಿಂದ ಲೆಕ್ಕ ಹಾಕಿ ತೆಗೆದ ಒಂದು ಗಣಿತರೂಪ ಮಾತ್ರ ಉಳಿಯುತ್ತದೆ. ಅದೂ ಆ್ಯಪ್‌ಗಳಿಗಾಗಲಿ ಸಾಮಾನ್ಯ ಕಡತಗಳನ್ನು ನೋಡುವವರಿಗಾಗಲಿ ಎಟುಕದಂತೆ, ಪ್ರೊಸೆಸರ್‌ನೊಳಗೇ ಬೇರ್ಪಡಿಸಿದ ಒಂದು ಸುರಕ್ಷಿತ ಭಾಗದ ಕಾವಲಿನಲ್ಲಿ ಇರುತ್ತದೆ. ಐಫೋನಿನಲ್ಲಿ 2013ರ 5ಎಸ್ ಮಾದರಿಯಿಂದ ಈ ಕೆಲಸವನ್ನು 'ಸೆಕ್ಯೂರ್ ಎನ್‌ಕ್ಲೇವ್' ಎಂಬ ಭಾಗ ಮಾಡುತ್ತಿದೆ. ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದೇ ಪ್ರತ್ಯೇಕ ವಲಯವಿದೆ. ಬ್ಯಾಂಕ್ ಆ್ಯಪ್ ನಿಮ್ಮ ಬೆರಳನ್ನು ಕೇಳಿದಾಗ ಅದಕ್ಕೆ ಸಿಗುವುದು ಬೆರಳಲ್ಲ. 'ಹೌದು, ನೋಂದಾಯಿತ ಬೆರಳೇ' ಅಥವಾ 'ಅಲ್ಲ' ಎಂಬ ಉತ್ತರ ಮಾತ್ರ. ಈ ಗಣಿತರೂಪ ಬ್ಯಾಕಪ್‌ಗೂ ಹೋಗುವುದಿಲ್ಲ. ಹಾಗಾಗಿಯೇ ಹೊಸ ಫೋನು ಕೊಂಡಾಗಲೆಲ್ಲ ಮತ್ತೆ ಮೊದಲಿನಿಂದ ಬೆರಳೊತ್ತಬೇಕಾಗುತ್ತದೆ. ರಿಪೇರಿಯ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕುಳಿತವರು ಇದನ್ನು ಹೊರತೆಗೆದು ಒಯ್ಯುವುದು ನಡೆಯುವ ಮಾತಲ್ಲ.

ಇಷ್ಟೇ ಅಲ್ಲ. ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಮೊದಲ ಸಲ ಬೆರಳಾಗಲಿ ಮುಖವಾಗಲಿ ಕೆಲಸ ಮಾಡುವುದಿಲ್ಲ. ಪಿನ್ ಅಥವಾ ಪಾಸ್‌ಕೋಡನ್ನೇ ಕೊಡಬೇಕು. ಆದ್ದರಿಂದ ಆಫ್ ಮಾಡಿದ ಫೋನನ್ನು ಪಿನ್ ಹೇಳದೆ ಕೊಟ್ಟು ಬಂದರೆ, ಒಳಗಿರುವ ನಿಮ್ಮ ಬೆರಳಚ್ಚಿನಿಂದ ಯಾವ ಹಾನಿಯೂ ಇಲ್ಲ. ಹಾಗಿದ್ದರೆ ಅದನ್ನು ಅಳಿಸುವುದೇಕೆ ಎಂದು ನೀವು ಕೇಳಬಹುದು; ಕೇಳಲೇಬೇಕು.

ಉತ್ತರ ಪಿನ್‌ನಲ್ಲಿದೆ. ಅಂಗಡಿಯವರು 'ಟೆಸ್ಟ್ ಮಾಡಬೇಕು, ಲಾಕ್ ಹೇಳಿ' ಎನ್ನುತ್ತಾರೆ, ನೀವು ಚೀಟಿಯ ಮೇಲೆ ಬರೆದು ಕೊಡುತ್ತೀರಿ. ಬೆರಳಚ್ಚು ಬಾಗಿಲಿನ ಒಂದು ನಕಲು ಕೀಲಿಯಾದರೆ, ಪಿನ್ ಎನ್ನುವುದು ಹೊಸ ನಕಲುಗಳನ್ನು ಹೊಯ್ಯುವ ಅಚ್ಚು. ಪಿನ್ ಗೊತ್ತಿರುವವರು ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಬೆರಳನ್ನು ನಿಮ್ಮ ಬೆರಳುಗಳ ಸಾಲಿಗೆ ಸೇರಿಸಬಹುದು. ಟಚ್ ಐಡಿ ಇರುವ ಐಫೋನಿನಲ್ಲಿ 5 ಬೆರಳುಗಳಿಗೆ ಜಾಗವಿದೆ, ನಮ್ಮಲ್ಲಿ ಹೆಚ್ಚಿನವರು ಬಳಸುವುದು ಎರಡನ್ನು. ಫೇಸ್ ಐಡಿಯಲ್ಲಿ 'ಪರ್ಯಾಯ ಮುಖಚಹರೆ' ಎಂಬ ಎರಡನೆಯ ಜಾಗವಿದೆ. ಅದು ಬಹುತೇಕ ಖಾಲಿಯಾಗಿಯೇ ಇರುತ್ತದೆ. ಫೋನು ನಿಮ್ಮ ಕೈಗೆ ಮರಳಿದ ಮೇಲೂ ಹಾಗೆ ಸೇರಿದ ಬೆರಳು ಅಲ್ಲಿಯೇ ಇರುತ್ತದೆ, ಮತ್ತು ನೀವು ಪಿನ್ ಬದಲಾಯಿಸಿದರೂ ಅದು ಹೋಗುವುದಿಲ್ಲ. ಹೋಗುವುದೆಂದು ಬಹಳ ಜನ ನಂಬಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಲ್ಲಿ ಒಂದು ಅಡ್ಡಮಾತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ರಿಪೇರಿ ಅಂಗಡಿಗಳಲ್ಲಿನ ಖಾಸಗಿತನದ ಬಗ್ಗೆ ಒಂದು ಅಧ್ಯಯನ ಮಾಡಿದ್ದರು. ಅವರು ಬಳಸಿದ್ದು ಲ್ಯಾಪ್‌ಟಾಪುಗಳನ್ನು, ಫೋನುಗಳನ್ನಲ್ಲ. ಆದರೂ ಅದರಲ್ಲಿನ ಒಂದು ಅಂಶ ನಮಗೆ ನೇರವಾಗಿ ತಾಗುತ್ತದೆ. ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ಆದರೂ ಅವರು ಬ್ಯಾಟರಿ ಬದಲಿಸಲು ಹೋದ ಅಂಗಡಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಪಾಸ್‌ವರ್ಡ್ ಕೇಳಿದವು. ಕೇಳುವವರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಕೇಳುವುದು ಅಭ್ಯಾಸವಾಗಿದೆ, ಅಷ್ಟೇ. ಫೋನಿನ ವಿಷಯದಲ್ಲೂ ಹಾಗೆಯೇ. ಲಾಕ್ ಇದ್ದಾಗಲೇ ಕ್ಯಾಮೆರಾ ತೆರೆಯುತ್ತದೆ, ಟಾರ್ಚ್ ಉರಿಯುತ್ತದೆ, ಚಾರ್ಜ್ ಏರುವುದು ಕಾಣಿಸುತ್ತದೆ, ಪಿನ್ ಒತ್ತುವ ಪರದೆಯಲ್ಲೇ ಟಚ್ ಪರೀಕ್ಷಿಸಬಹುದು. ಉಳಿದದ್ದನ್ನು ನೀವು ಫೋನು ತೆಗೆದುಕೊಳ್ಳಲು ಬಂದಾಗ ನೀವೇ ಅನ್‌ಲಾಕ್ ಮಾಡಿ ಅವರೆದುರಿಗೇ ನೋಡಬಹುದು. ಬ್ಯಾಟರಿ, ಚಾರ್ಜಿಂಗ್ ಪಿನ್, ಹಿಂಬದಿಯ ಗಾಜು ಇಂಥ ಕೆಲಸಗಳಿಗೆ 'ಲಾಕ್ ಹೇಳುವುದಿಲ್ಲ, ಟೆಸ್ಟಿಗೆ ನಾನೇ ಬರುತ್ತೇನೆ' ಎಂದು ಮೊದಲೇ ಹೇಳಿ ನೋಡಿ.

ಪಿನ್ ಹೇಳಲೇಬೇಕಾದ ಸಂದರ್ಭವನ್ನು ಈಗ ತೆಗೆದುಕೊಳ್ಳೋಣ. ನಿಜವಾದ ಕೆಲಸವಿರುವುದು ಅಲ್ಲಿ. ಒಂದು ಆಂಡ್ರಾಯ್ಡ್ ಫೋನಿದೆ ಎಂದುಕೊಳ್ಳಿ. ಡಿಸ್‌ಪ್ಲೇ ಬಿರುಕು ಬಿಟ್ಟಿದೆ, ಆದರೆ ಟಚ್ ಇನ್ನೂ ಕೆಲಸ ಮಾಡುತ್ತಿದೆ. ಎರಡು ಬೆರಳು ಮತ್ತು ಮುಖ ನೋಂದಣಿಯಾಗಿವೆ. ವಾಲೆಟ್ ಆ್ಯಪ್‌ನಲ್ಲಿ ಎರಡು ಕಾರ್ಡುಗಳಿವೆ, ಬ್ರೌಸರ್‌ನಲ್ಲಿ ಮೂರು ಉಳಿದುಕೊಂಡಿವೆ, ಬ್ಯಾಂಕಿನ ಆ್ಯಪ್ ಬೆರಳಿನಿಂದ ತೆರೆಯುತ್ತದೆ, ಖರೀದಿಯ ಆ್ಯಪ್ ಒಂದರಲ್ಲಿ ಕಾರ್ಡ್ ಸೇವ್ ಆಗಿದೆ. ಸಾಧಾರಣವಾಗಿ ಜನ ಏನು ಮಾಡುತ್ತಾರೆ? ಮೊದಲು ಬೆರಳಚ್ಚು ಅಳಿಸುತ್ತಾರೆ. ಅದೇ ಕೊನೆಗೆ ಬರಬೇಕು ಎನ್ನುವುದು ನನ್ನ ವಾದ.

ಕಾರಣ ಹೀಗಿದೆ. ಎಚ್ಚರಿಕೆಯಿಂದ ಬರೆದ ಬ್ಯಾಂಕ್ ಆ್ಯಪ್ ನಿಮ್ಮ ಲಾಗಿನ್ ಅನ್ನು ಒಂದು ರಹಸ್ಯ ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನು ಆ ಹೊತ್ತಿಗೆ ನೋಂದಣಿಯಾಗಿರುವ ಬೆರಳುಗಳಿಗೆ ಕಟ್ಟಿಹಾಕಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಹಾಗೆ ಕಟ್ಟಿದ ಕೀಲಿ, ಹೊಸ ಬೆರಳೊಂದು ಸೇರಿದ ಕ್ಷಣದಲ್ಲಿ ಅಥವಾ ಇದ್ದ ಬೆರಳುಗಳೆಲ್ಲ ಅಳಿದ ಕ್ಷಣದಲ್ಲಿ ಶಾಶ್ವತವಾಗಿ ನಿಷ್ಕ್ರಿಯವಾಗುತ್ತದೆ. ಐಫೋನಿನಲ್ಲೂ ಆ್ಯಪ್ ಬರೆಯುವವರಿಗೆ ಇಂಥದೇ ಅವಕಾಶವಿದೆ. ಆಮೇಲೆ ಆ್ಯಪ್ ತೆರೆದರೆ 'ಬೆರಳಚ್ಚು ಬದಲಾಗಿದೆ, ಪಾಸ್‌ವರ್ಡ್ ಕೊಡಿ' ಎನ್ನುತ್ತದೆ. ಇದು ಒಳ್ಳೆಯದೇ, ನಮಗೆ ಬೇಕಾದ ರಕ್ಷಣೆಯೂ ಇದೇ. ಆದರೆ ಆ ಪಾಸ್‌ವರ್ಡನ್ನು ನೀವು ಎರಡು ವರ್ಷಗಳಿಂದ ಟೈಪ್ ಮಾಡಿಯೇ ಇಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು ಅವಸರದಲ್ಲಿ ಬೆರಳಚ್ಚು ಅಳಿಸಿ, ಆನಂತರ ಬ್ಯಾಂಕ್ ಆ್ಯಪ್‌ನೊಳಗೆ ಹೋಗಿ ಒಂದು ಬದಲಾವಣೆ ಮಾಡೋಣವೆಂದರೆ ನೀವೇ ಹೊರಗಿರುತ್ತೀರಿ. ಆದ್ದರಿಂದ ಮೊದಲ ಹೆಜ್ಜೆ ಬೆರಳು ಕೆಲಸ ಮಾಡುತ್ತಿರುವಾಗಲೇ ಆಗಬೇಕು: ಪ್ರತಿಯೊಂದು ಹಣದ ಆ್ಯಪ್‌ನ ಪಾಸ್‌ವರ್ಡ್ ನಿಮಗೆ ಗೊತ್ತಿದೆಯೇ ಎಂದು ನೋಡಿ, ಗೊತ್ತಿಲ್ಲದಿದ್ದರೆ ಬದಲಾಯಿಸಿ, ಫೋನಿನ ಹೊರಗೆ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಎಲ್ಲ ಆ್ಯಪ್‌ಗಳೂ ಎಚ್ಚರಿಕೆಯಿಂದ ಬರೆದವಲ್ಲ ಎನ್ನುವುದು ಇದರ ಇನ್ನೊಂದು ಮಗ್ಗುಲು. ಕೆಲವು ಆ್ಯಪ್‌ಗಳು ಯಾವ ಕೀಲಿಯನ್ನೂ ಕಟ್ಟದೆ, ಫೋನನ್ನು 'ಇವರು ಒಡೆಯರೇ?' ಎಂದಷ್ಟೇ ಕೇಳಿ 'ಹೌದು' ಎಂಬ ಉತ್ತರಕ್ಕೆ ಬಾಗಿಲು ತೆರೆಯುತ್ತವೆ. ಪಿನ್ ತಿಳಿದವರು ನೋಂದಾಯಿಸಿದ ಹೊಸ ಬೆರಳಿಗೂ ಫೋನು 'ಹೌದು' ಎಂದೇ ಹೇಳುತ್ತದೆ. ಇನ್ನು ಕೆಲವು ಆ್ಯಪ್‌ಗಳು ಬೆರಳು ಹೊಂದದಿದ್ದರೆ ಫೋನಿನ ಪಿನ್ ಅನ್ನೇ ಒಪ್ಪಿಕೊಳ್ಳುತ್ತವೆ. ಹೊರಗಿನಿಂದ ನೋಡಿ ಯಾವ ಆ್ಯಪ್ ಯಾವ ಬಗೆಯದೆಂದು ಹೇಳುವುದು ಕಷ್ಟ. ಆದ್ದರಿಂದ ಊಹಿಸಲು ಹೋಗದೆ, ಪ್ರತಿಯೊಂದು ಹಣದ ಆ್ಯಪ್‌ನೊಳಗೆ ಹೋಗಿ ಅದರದೇ ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚಿನ ಲಾಗಿನ್ ಆಫ್ ಮಾಡಿ, ಆಮೇಲೆ ಲಾಗ್ ಔಟ್ ಆಗಿ. ಆ್ಯಪ್ ಅನ್ನು ತೆಗೆದುಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಫೋನಿನ ಮಟ್ಟಿಗೆ ಅದೂ ಸರಿಯೇ. ಆದರೆ ಖರೀದಿಯ ಆ್ಯಪ್‌ಗಳಲ್ಲಿ ಕಾರ್ಡ್ ಇರುವುದು ಫೋನಿನಲ್ಲಲ್ಲ, ಆ ಕಂಪನಿಯ ಸರ್ವರ್‌ನಲ್ಲಿ. ಆ್ಯಪ್ ತೆಗೆದರೂ ಖಾತೆ ಹಾಗೆಯೇ ಇರುತ್ತದೆ, ಅದೇ ಖಾತೆ ಬ್ರೌಸರ್‌ನಲ್ಲಿಯೂ ಲಾಗಿನ್ ಆಗಿದ್ದರೆ ಕಾರ್ಡ್ ಅಲ್ಲಿಂದಲೂ ಸಿಗುತ್ತದೆ. ಎರಡೂ ಕಡೆ ಲಾಗ್ ಔಟ್ ಆಗುವುದೇ ಸರಿಯಾದ ದಾರಿ.

ಎರಡನೆಯದು ವಾಲೆಟ್. ಅಂಗಡಿಯ ಯಂತ್ರಕ್ಕೆ ಫೋನು ತಾಗಿಸಿ ಹಣ ಕೊಡಲು ನೀವು ಸೇರಿಸಿರುವ ಕಾರ್ಡಿನ ನಿಜವಾದ ಸಂಖ್ಯೆಯನ್ನು ಫೋನು ಬಳಸುವುದಿಲ್ಲ. ಅದರ ಬದಲಿಗೆ ಆ ಫೋನಿಗೆಂದೇ ಕೊಟ್ಟ ಬೇರೊಂದು ಸಂಖ್ಯೆ, ಅಂದರೆ ಟೋಕನ್, ಬಳಕೆಯಾಗುತ್ತದೆ. ವಾಲೆಟ್‌ನಿಂದ ಕಾರ್ಡ್ ತೆಗೆದರೆ ಸಾಯುವುದು ಆ ಟೋಕನ್ ಮಾತ್ರ. ನಿಮ್ಮ ಜೇಬಿನಲ್ಲಿರುವ ಪ್ಲಾಸ್ಟಿಕ್ ಕಾರ್ಡಿಗೆ ಏನೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಹಿಂಜರಿಯುವ ಅಗತ್ಯವೇ ಇಲ್ಲ, ಧೈರ್ಯವಾಗಿ ತೆಗೆಯಿರಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ Wallet & Apple Pay ವಿಭಾಗದಲ್ಲಿ ಕಾರ್ಡನ್ನು ಒತ್ತಿ ಕೆಳಗೆ ಹೋದರೆ Remove Card ಸಿಗುತ್ತದೆ. ಗೂಗಲ್ ವಾಲೆಟ್‌ನಲ್ಲಿ ಕಾರ್ಡನ್ನು ತೆರೆದು ಅದರ ವಿವರಗಳಿಗೆ ಹೋದರೆ ತೆಗೆಯುವ ಆಯ್ಕೆ ಇರುತ್ತದೆ.

ವಾಲೆಟ್‌ಗಿಂತ ಹೆಚ್ಚು ಅಪಾಯ ಬ್ರೌಸರ್‌ನಲ್ಲಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ. ವಾಲೆಟ್ ಟೋಕನ್ ಇಟ್ಟುಕೊಂಡರೆ, ಬ್ರೌಸರ್ ಇಟ್ಟುಕೊಳ್ಳುವುದು ಫಾರಂ ತುಂಬಲು ಬೇಕಾದ ಪೂರ್ತಿ ಸಂಖ್ಯೆಯನ್ನು, ಹೆಸರನ್ನು, ಅವಧಿ ಮುಗಿಯುವ ತಿಂಗಳನ್ನು. ಕ್ರೋಮ್‌ನಂಥ ಬ್ರೌಸರ್‌ಗಳಲ್ಲಿ ಕಾರ್ಡಿನ ಹಿಂದಿರುವ ಭದ್ರತಾ ಸಂಖ್ಯೆಯನ್ನೂ ಉಳಿಸುವ ಆಯ್ಕೆ ಬಂದಿದೆ. ಫೋನಿನ ಲಾಕ್ ತೆಗೆಯಬಲ್ಲವರಿಗೆ ಇದೆಲ್ಲ ಕಾಣುತ್ತದೆ. ಒಂದು ಕಾಗದದ ಮೇಲೆ ಬರೆದುಕೊಂಡರೆ ಫೋನು ಮರಳಿದ ಎಷ್ಟೋ ದಿನಗಳ ಮೇಲೂ ಬಳಸಬಹುದು. ಬೆರಳಚ್ಚು ಅಳಿಸಿದ್ದರಿಂದ ಇದಕ್ಕೆ ತಡೆಯಾಗುವುದಿಲ್ಲ, ಏಕೆಂದರೆ ಬೆರಳಿಲ್ಲದ ಫೋನಿನಲ್ಲಿ ಬ್ರೌಸರ್ ಕೇಳುವುದು ಪಿನ್ ಅನ್ನೇ.

ಇಲ್ಲಿ ಎಡವುವ ಜಾಗವೊಂದಿದೆ. ಬ್ರೌಸರ್‌ನ ಕಾರ್ಡುಗಳಲ್ಲಿ ಕೆಲವು ಆ ಫೋನಿನಲ್ಲಿ ಮಾತ್ರ ಇರುತ್ತವೆ, ಕೆಲವು ನಿಮ್ಮ ಖಾತೆಯಲ್ಲಿದ್ದು ಎಲ್ಲ ಸಾಧನಗಳಿಗೂ ಹಂಚಿಕೆಯಾಗಿರುತ್ತವೆ. ಖಾತೆಯಲ್ಲಿರುವ ಕಾರ್ಡನ್ನು ಫೋನಿನಲ್ಲಿ ಅಳಿಸಿದರೆ ಮನೆಯ ಕಂಪ್ಯೂಟರ್‌ನಿಂದಲೂ ಅದು ಮಾಯವಾಗುತ್ತದೆ. ಸಫಾರಿಯ ಕಾರ್ಡುಗಳು ಐಕ್ಲೌಡ್ ಮೂಲಕ ಹಂಚಿಕೆಯಾಗಿದ್ದರೆ ಅಲ್ಲಿಯೂ ಇದೇ ಕಥೆ. ನಿಮಗೆ ಬೇಕಾದದ್ದು ಕಾರ್ಡನ್ನು ಅಳಿಸುವುದಲ್ಲ, ಈ ಒಂದು ಫೋನನ್ನು ಆ ಪಟ್ಟಿಯಿಂದ ಹೊರಗಿಡುವುದು. ಹಾಗಾಗಿ ನಮ್ಮ ಉದಾಹರಣೆಯ ಫೋನಿನಲ್ಲಿ ಮಾಡಬೇಕಾದ ಕೆಲಸ ಹೀಗೆ: ಬ್ರೌಸರ್‌ನ ಪಾವತಿ ವಿಧಾನಗಳ ವಿಭಾಗಕ್ಕೆ ಹೋಗಿ, ಫೋನಿನಲ್ಲಿ ಮಾತ್ರ ಇರುವ ಕಾರ್ಡನ್ನು ನೇರವಾಗಿ ಅಳಿಸುವುದು, ಖಾತೆಯಲ್ಲಿರುವ ಎರಡನ್ನು ಮುಟ್ಟದೆ ಬ್ರೌಸರ್‌ನಿಂದ ಸೈನ್ ಔಟ್ ಆಗುವುದು, ಮತ್ತೆ ಅದೇ ವಿಭಾಗಕ್ಕೆ ಹೋಗಿ ಪಟ್ಟಿ ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡುವುದು. ಈ ಕೊನೆಯ ನೋಟವನ್ನು ಬಿಡಬೇಡಿ. ಸೈನ್ ಔಟ್ ಆದೆವೆಂದುಕೊಂಡ ಮೇಲೂ ಒಂದು ಕಾರ್ಡ್ ಪಟ್ಟಿಯಲ್ಲಿ ಉಳಿದಿದ್ದರೆ, ಅದು ಫೋನಿನಲ್ಲೇ ಸೇವ್ ಆದದ್ದೆಂದು ಆಗ ಗೊತ್ತಾಗುತ್ತದೆ.

ಆ್ಯಪ್‌ಗಳನ್ನು ಇಳಿಸಿಕೊಳ್ಳುವ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ಗೂ ಒಂದು ಪಾವತಿ ವಿಧಾನ ಜೋಡಿಸಿರುತ್ತೀರಿ. ಪ್ರತಿ ಖರೀದಿಗೂ ದೃಢೀಕರಣ ಕೇಳಬೇಕೆಂಬ ಸೆಟ್ಟಿಂಗ್ ಅಲ್ಲಿ ಆನ್ ಇದೆಯೇ ಎಂದು ನೋಡಿಕೊಂಡರೆ ಸಾಕು. ಗ್ಯಾಲರಿಯಲ್ಲಿ ಕಾರ್ಡಿನ ಫೋಟೋ ಇಟ್ಟುಕೊಂಡಿದ್ದರೆ ಅಳಿಸಿ, ಅಳಿಸಿದ ಮೇಲೆ ಕಸದಬುಟ್ಟಿಯ ಫೋಲ್ಡರನ್ನೂ ಖಾಲಿ ಮಾಡಿ, ಏಕೆಂದರೆ ಅಲ್ಲಿ ಅದು ಇನ್ನೂ ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಕೂತಿರುತ್ತದೆ.

ಮೂರನೆಯದು ಸಿಮ್. ವಿಷಯ ಬೆರಳಚ್ಚು ಮತ್ತು ಕಾರ್ಡಿನದಾದರೂ ಸಿಮ್ ಅನ್ನು ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಕಾರ್ಡಿನ ಸಂಖ್ಯೆ ಒಂದು ಅರ್ಧವಾದರೆ, ಖರೀದಿಯ ಹೊತ್ತಿಗೆ ಬರುವ ಒಟಿಪಿ ಇನ್ನೊಂದು ಅರ್ಧ. ಎರಡೂ ಒಂದೇ ಫೋನಿನಲ್ಲಿ, ಆ ಫೋನು ಮತ್ತೊಬ್ಬರ ಮೇಜಿನ ಮೇಲೆ ಇರಬಾರದು. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹೊಸ ಪಾಸ್‌ವರ್ಡಿಗೆ ಬೇಕಾದ ಸಂಖ್ಯೆಯೂ ಅನೇಕ ಕಡೆ ಅದೇ ಸಿಮ್‌ಗೆ ಬರುತ್ತದೆ. ಸಿಮ್ ಹೊರತೆಗೆದು ಜೇಬಿಗೆ ಹಾಕಿಕೊಳ್ಳಿ. ಇ-ಸಿಮ್ ಇದ್ದರೆ ಹೊರತೆಗೆಯಲಾಗದು. ಸಿಮ್ ಪಿನ್ ಎಂಬ ಸೌಲಭ್ಯ ಆನ್ ಮಾಡಿ ಫೋನನ್ನು ಆಫ್ ಮಾಡಿದರೆ, ಮತ್ತೆ ಆನ್ ಮಾಡಿದವರಿಗೆ ಆ ಪಿನ್ ತಿಳಿಯದೆ ಸಂದೇಶಗಳು ಬರುವುದಿಲ್ಲ. ಅದು ಫೋನಿನ ಪಿನ್‌ಗಿಂತ ಬೇರೆಯಾಗಿರಲಿ.

ಇಷ್ಟೆಲ್ಲ ಆದ ಮೇಲೆ ಬೆರಳಚ್ಚು ಮತ್ತು ಮುಖ. ಆಂಡ್ರಾಯ್ಡ್‌ನಲ್ಲಿ ಇದು ಸೆಟ್ಟಿಂಗ್ಸ್‌ನ ಭದ್ರತೆಯ ವಿಭಾಗದಲ್ಲಿರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುವುದರಿಂದ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ fingerprint ಎಂದು ಬರೆದರೆ ಬೇಗ ಸಿಗುತ್ತದೆ. ಪಿನ್ ಕೊಟ್ಟು ಒಳಗೆ ಹೋದ ಮೇಲೆ ಒಂದೊಂದೇ ಬೆರಳನ್ನು ಅಳಿಸಿ, ಬಳಿಕ ಮುಖದ ಮಾಹಿತಿಯನ್ನು ಬೇರೆಯಾಗಿ ಅಳಿಸಿ. ಒಂದನ್ನು ಅಳಿಸಿದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಐಫೋನಿನಲ್ಲಿ Face ID & Passcode ವಿಭಾಗದಲ್ಲಿ Reset Face ID ಒತ್ತಿದರೆ ಮುಖ್ಯ ಮುಖವೂ ಪರ್ಯಾಯ ಮುಖವೂ ಒಟ್ಟಿಗೆ ಹೋಗುತ್ತವೆ.

ಐಫೋನ್ ಬಳಸುವವರಿಗೆ ಒಂದು ಎಚ್ಚರಿಕೆ ಹೇಳಬೇಕು, ಇದು ಸ್ವಲ್ಪ ವಿಚಿತ್ರವಾದ ಸಂಗತಿ. 2024ರ ಜನವರಿಯಲ್ಲಿ ಬಂದ ಐಒಎಸ್ 17.3ರಿಂದ Stolen Device Protection ಎಂಬ ವ್ಯವಸ್ಥೆ ಇದೆ. ಅದು ಆನ್ ಇದ್ದರೆ, ಮನೆ ಅಥವಾ ಕಚೇರಿಯಂಥ ಪರಿಚಿತ ಜಾಗದ ಹೊರಗೆ ಸಫಾರಿಯ ಕಾರ್ಡುಗಳನ್ನೂ ಉಳಿಸಿದ ಪಾಸ್‌ವರ್ಡುಗಳನ್ನೂ ನೋಡಲು ಪಾಸ್‌ಕೋಡ್ ಸಾಲದು, ಮುಖ ಅಥವಾ ಬೆರಳೇ ಬೇಕು. ಫೇಸ್ ಐಡಿಯಲ್ಲಿ ಬದಲಾವಣೆ ಮಾಡಬೇಕಿದ್ದರೆ ಒಂದು ಗಂಟೆ ಕಾಯಿಸಿ ಮತ್ತೊಮ್ಮೆ ಮುಖ ಕೇಳುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ಅಂಗಡಿಗೆ ಹೋಗಿ ನಿಂತು ಫೇಸ್ ಐಡಿ ಅಳಿಸಲು ಹೊರಟರೆ ಒಂದು ಗಂಟೆ ಅಲ್ಲೇ ಕಾಯಬೇಕಾದೀತು. ಈ ಕೆಲಸಗಳನ್ನು ಮನೆಯಲ್ಲೇ ಮುಗಿಸಿ ಹೊರಡಿ. ಇನ್ನೊಂದು, ಈ ರಕ್ಷಣೆ ನಿಂತಿರುವುದೇ ನಿಮ್ಮ ಮುಖ ಅಥವಾ ಬೆರಳಿನ ನೋಂದಣಿಯ ಮೇಲೆ. ಕಾರ್ಡುಗಳನ್ನು ಹಾಗೆಯೇ ಬಿಟ್ಟು ಮುಖವನ್ನು ಮಾತ್ರ ಅಳಿಸಿದರೆ, ಪಾಸ್‌ಕೋಡ್ ಒಂದೇ ಎಲ್ಲ ಬಾಗಿಲಿಗೂ ಸಾಕಾಗುತ್ತದೆ. ಅಂದರೆ ಅಳಿಸಿದ್ದರಿಂದ ಭದ್ರತೆ ಕಡಿಮೆಯೇ ಆಯಿತು. ಹಣದ ವಿವರ ಮೊದಲು, ಮುಖ ಮತ್ತು ಬೆರಳು ಆಮೇಲೆ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಬೆರಳು ಅಳಿದ ಮೇಲೆ ಕೊನೆಯದಾಗಿ ಪಿನ್ ಬದಲಾಯಿಸಿ, ಆ ತಾತ್ಕಾಲಿಕ ಪಿನ್ ಅನ್ನು ಅಂಗಡಿಗೆ ಕೊಡಿ. ನಿಮ್ಮ ಹಳೆಯ ಪಿನ್ ಬೇರೆಲ್ಲೂ ಬಳಕೆಯಲ್ಲಿಲ್ಲ ಎಂದು ನೀವು ಹೇಳಬಹುದು, ನಾನು ನಂಬುವುದಿಲ್ಲ. ಅದೇ ನಾಲ್ಕು ಅಥವಾ ಆರು ಅಂಕೆಗಳು ಎಟಿಎಂನಲ್ಲೂ ಇರುತ್ತವೆ.

ಕೆಲವರು 'ಲಾಕ್ ತೆಗೆದೇ ಕೊಡಿ' ಎನ್ನುತ್ತಾರೆ. ಲಾಕ್ ಪೂರ್ತಿ ತೆಗೆದರೆ ಆಗುವುದು ತಮಾಷೆಯಾಗಿದೆ: ಆಂಡ್ರಾಯ್ಡ್‌ನಲ್ಲಿ ಬೆರಳಚ್ಚುಗಳು ತಾವಾಗಿ ಅಳಿಯುತ್ತವೆ, ತಾಗಿಸಿ ಪಾವತಿಸುವ ಕಾರ್ಡುಗಳು ನಿಂತುಹೋಗುತ್ತವೆ, ಐಫೋನಿನಲ್ಲೂ ಪಾಸ್‌ಕೋಡ್ ತೆಗೆದರೆ ಆ್ಯಪಲ್ ಪೇ ಕಾರ್ಡುಗಳು ಹೋಗುತ್ತವೆ. ನಮ್ಮ ಅರ್ಧ ಕೆಲಸ ಒಂದೇ ಹೆಜ್ಜೆಯಲ್ಲಿ ಆಯಿತೆಂದು ಅನ್ನಿಸಬಹುದು. ಆದರೆ ಅದೇ ಹೆಜ್ಜೆಯಲ್ಲಿ ಇಮೇಲ್, ಫೋಟೋ, ಸಂದೇಶ, ಲಾಗಿನ್ ಆಗಿರುವ ಖರೀದಿಯ ಆ್ಯಪ್‌ಗಳು ಅಂಗಡಿಯಲ್ಲಿ ಓಡಾಡುವ ಎಲ್ಲರಿಗೂ ತೆರೆದುಕೊಂಡವು. ಇದನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತ ಬಹಳ ಒಳ್ಳೆಯ ದಾರಿ ಕೆಲವು ಫೋನುಗಳಲ್ಲಿದೆ. ಸ್ಯಾಮ್‌ಸಂಗ್ 2022ರಲ್ಲಿ Maintenance mode ಎಂಬುದನ್ನು ತಂದಿತು. ಪಿಕ್ಸೆಲ್ ಫೋನುಗಳಿಗೆ 2023ರ ಡಿಸೆಂಬರ್‌ನಲ್ಲಿ Repair mode ಬಂತು. ಇದನ್ನು ಆನ್ ಮಾಡಿದರೆ ಫೋನು ರೀಸ್ಟಾರ್ಟ್ ಆಗಿ ಹೊಸ ಫೋನಿನಂತೆ ಏಳುತ್ತದೆ. ನಿಮ್ಮ ಆ್ಯಪ್, ಖಾತೆ, ಫೋಟೋ ಯಾವುದೂ ಕಾಣುವುದಿಲ್ಲ, ಪಿನ್ ಹೇಳುವ ಪ್ರಸಂಗವೇ ಬರುವುದಿಲ್ಲ, ಅಂಗಡಿಯವರು ಡಿಸ್‌ಪ್ಲೇ, ಮೈಕ್, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಬಹುದು. ಹೊರಬರಲು ನಿಮ್ಮ ಲಾಕ್ ಬೇಕು. ಪಿಕ್ಸೆಲ್‌ನಲ್ಲಿ ಇದಕ್ಕೆ ಕನಿಷ್ಠ 2 ಜಿಬಿ ಖಾಲಿ ಜಾಗವಿರಬೇಕು. ಇದು ಇದ್ದರೆ ನಾನು ಇದುವರೆಗೆ ಹೇಳಿದ ಅಳಿಸುವ ಕೆಲಸದ ಬಹುಭಾಗ ಅನಗತ್ಯ. ಸಿಮ್ ತೆಗೆಯುವುದನ್ನು ಮಾತ್ರ ಬಿಡಬೇಡಿ, ಬ್ಯಾಕಪ್ ಮಾಡುವುದನ್ನೂ ಬಿಡಬೇಡಿ. ಈ ಮೋಡ್ ಮಾಹಿತಿಯನ್ನು ಮರೆಮಾಡುತ್ತದೆ. ಯಾರಾದರೂ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟರೆ ಅದನ್ನು ಉಳಿಸಲಾರದು. ಐಫೋನಿನಲ್ಲೂ ರಿಪೇರಿಯ ಸ್ಥಿತಿ ಎಂಬುದೊಂದಿದೆ, ಆದರೆ ಅದರ ಉದ್ದೇಶ ಬೇರೆ: Find My ಆಫ್ ಮಾಡದೆಯೇ ಫೋನನ್ನು ರಿಪೇರಿಗೆ ಕೊಡಲು ಅನುವು ಮಾಡುವುದು. ನಿಮ್ಮ ಕಾರ್ಡುಗಳನ್ನು ಅದು ಮುಚ್ಚಿಡುತ್ತದೆಂದು ತಿಳಿಯಬೇಡಿ.

ಮದರ್‌ಬೋರ್ಡಿನ ಕೆಲಸವಾಗಿ ಫೋನು ದಿನಗಟ್ಟಲೆ ಅಲ್ಲಿರುತ್ತದೆ, ರಿಪೇರಿ ಮೋಡ್ ಇಲ್ಲ ಎಂದಾದರೆ ಬ್ಯಾಕಪ್ ಮಾಡಿ ಪೂರ್ತಿ ಅಳಿಸಿ ಕೊಡುವುದೇ ನೇರವಾದ ದಾರಿ. ಅಳಿಸುವ ಮೊದಲು ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ. ಇಲ್ಲದಿದ್ದರೆ ಅಳಿಸಿದ ಫೋನು ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ, ಅಂಗಡಿಯವರು ನಿಮಗೆ ಕರೆಮಾಡಿ ಅದನ್ನೇ ಕೇಳುತ್ತಾರೆ, ಮೊದಲಿಗಿಂತ ದೊಡ್ಡ ಗುಟ್ಟು ಹೊರಬೀಳುತ್ತದೆ.

ಪರದೆಯೇ ಸತ್ತಿದ್ದರೆ ಏನು ಮಾಡಬೇಕು? ಡಿಸ್‌ಪ್ಲೇ ಕಾಣಿಸುತ್ತಿದ್ದು ಟಚ್ ಮಾತ್ರ ಹೋಗಿದ್ದರೆ, ಅನೇಕ ಆಂಡ್ರಾಯ್ಡ್ ಫೋನುಗಳಿಗೆ ಓಟಿಜಿ ಅಡಾಪ್ಟರ್ ಮೂಲಕ ಕಂಪ್ಯೂಟರಿನ ಮೌಸ್ ಜೋಡಿಸಬಹುದು. ಬಾಣದ ಗುರುತು ಮೂಡುತ್ತದೆ, ಎಲ್ಲ ಹೆಜ್ಜೆಗಳನ್ನೂ ಮಾಡಬಹುದು. ಏನೂ ಕಾಣದಿದ್ದರೆ ಬೆರಳಚ್ಚನ್ನು ಹೊರಗಿನಿಂದ ಅಳಿಸುವ ದಾರಿ ಇಲ್ಲ, ಮತ್ತು ಪಿನ್ ಹೇಳದಿರುವವರೆಗೆ ಅದರ ಅಗತ್ಯವೂ ಇಲ್ಲ. ಹಣದ ಭಾಗವನ್ನು ಮಾತ್ರ ಹೊರಗಿನಿಂದ ಬಿಡಿಸಬಹುದು. ಕಂಪ್ಯೂಟರ್‌ನಲ್ಲಿ ನಿಮ್ಮ ಆ್ಯಪಲ್ ಖಾತೆಯ ಪುಟ ತೆರೆದು, ಸಾಧನಗಳ ಪಟ್ಟಿಯಲ್ಲಿ ಆ ಫೋನನ್ನು ಆರಿಸಿ ವಾಲೆಟ್‌ನ ಕಾರ್ಡುಗಳನ್ನು ತೆಗೆಯಬಹುದು. ಗೂಗಲ್ ಖಾತೆಯ ಸಾಧನಗಳ ಪಟ್ಟಿಯಿಂದ ಆ ಫೋನನ್ನು ಸೈನ್ ಔಟ್ ಮಾಡಬಹುದು. ಬ್ಯಾಂಕಿಗೆ ಕರೆಮಾಡಿ ಆ ಫೋನಿನ ಟೋಕನ್ ನಿಲ್ಲಿಸಲು ಕೇಳಬಹುದು. ಹೊಸ ಡಿಸ್‌ಪ್ಲೇ ಕೂರಿಸಿದ ಮೇಲೆ ನೀವೇ ಹೋಗಿ ಪಿನ್ ಒತ್ತಿ ಪರೀಕ್ಷಿಸಿ.

ಫೋನು ಮರಳಿ ಬಂದ ಮೇಲಿನ ಕೆಲಸಕ್ಕೆ ಬರೋಣ. ಮೊದಲು ಬೆರಳಚ್ಚಿನ ಪಟ್ಟಿ ತೆರೆಯಿರಿ. ನೀವು ಎಲ್ಲವನ್ನೂ ಅಳಿಸಿ ಕೊಟ್ಟಿದ್ದರೆ ಪಟ್ಟಿ ಖಾಲಿ ಇರಬೇಕು, ಒಂದೇ ಒಂದು ಹೆಸರಿದ್ದರೂ ಅದು ನಿಮ್ಮದಲ್ಲ. ಅಳಿಸಿ ಕೊಡುವುದರ ದೊಡ್ಡ ಲಾಭ ಇದೇ ಎನ್ನುವುದು ನನ್ನ ಅಭಿಪ್ರಾಯ: ಎಣಿಸುವ, ನೆನಪಿಸಿಕೊಳ್ಳುವ ತೊಂದರೆ ಇಲ್ಲ. ಅಳಿಸದೆ ಕೊಟ್ಟಿದ್ದರೆ ಪಟ್ಟಿಯ ಪರದೆಯಲ್ಲಿ ನಿಂತು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಸೆನ್ಸರ್ ಮೇಲೆ ಇಡಿ. ಐಫೋನಿನ ಟಚ್ ಐಡಿಯಲ್ಲಿ ಹೊಂದುವ ಹೆಸರು ಆಗ ಎದ್ದು ಕಾಣುತ್ತದೆ. ನಿಮ್ಮ ಯಾವ ಬೆರಳಿಗೂ ಬೆಳಗದ ಹೆಸರು ಉಳಿದರೆ ಅದನ್ನು ಅಳಿಸಿ. ಫೇಸ್ ಐಡಿಯಲ್ಲಿ ನೋಡಬೇಕಾದ ಗುರುತು ಬೇರೆ: Set Up an Alternate Appearance ಎಂಬ ಸಾಲು ಕಾಣಿಸುತ್ತಿದ್ದರೆ ಎರಡನೆಯ ಜಾಗ ಖಾಲಿ ಇದೆ. ನೀವು ಎಂದೂ ಅದನ್ನು ಬಳಸದಿದ್ದು, ಆ ಸಾಲು ಈಗ ಇಲ್ಲವೆಂದರೆ, ಯಾರೋ ಬಳಸಿದ್ದಾರೆ. ಆಗ ಫೇಸ್ ಐಡಿ ರೀಸೆಟ್ ಮಾಡಿ ಮೊದಲಿನಿಂದ ನೋಂದಾಯಿಸಿ. ತಾತ್ಕಾಲಿಕ ಪಿನ್ ಅನ್ನು ಬದಲಿಸುವುದು ಇದಾದ ಮೇಲೆ.

ಸೆನ್ಸರ್ ಬಗ್ಗೆ ಒಂದು ಹಳೆಯ ಪ್ರಸಂಗ ನೆನಪಿಗೆ ಬರುತ್ತದೆ. 2016ರ ಆರಂಭದಲ್ಲಿ, ಹೊರಗಿನ ಅಂಗಡಿಗಳಲ್ಲಿ ಹೋಮ್ ಬಟನ್ ಬದಲಿಸಿದ ಐಫೋನುಗಳು ಅಪ್‌ಡೇಟ್ ಆದೊಡನೆ 'ಎರರ್ 53' ತೋರಿಸಿ ನಿಂತುಹೋದವು. ಬೆರಳಿನ ಸೆನ್ಸರ್ ಮತ್ತು ಸೆಕ್ಯೂರ್ ಎನ್‌ಕ್ಲೇವ್ ಕಾರ್ಖಾನೆಯಲ್ಲೇ ಜೋಡಿಯಾಗಿರುತ್ತವೆ. ಮೋಸದ ಸೆನ್ಸರ್ ಇಟ್ಟು ಒಳಗೆ ನುಗ್ಗದಿರಲಿ ಎಂಬುದು ಉದ್ದೇಶ. ಫೋನೇ ಸತ್ತುಹೋಗುವಂತೆ ಮಾಡಿದ್ದು ಅತಿಯಾಯಿತೆಂದು ಗದ್ದಲವಾಗಿ ಆ್ಯಪಲ್ ಅದನ್ನು ಸರಿಪಡಿಸಿತು, ಆದರೆ ಜೋಡಿಯ ನಿಯಮ ಉಳಿದಿದೆ. ಡಿಸ್‌ಪ್ಲೇಯೊಂದಿಗೆ ಸೆನ್ಸರ್ ಕೂಡ ಬದಲಾದರೆ ಹಳೆಯ ಬೆರಳಚ್ಚು ಕೆಲಸ ಮಾಡದಿರಬಹುದು, ಕೆಲವೊಮ್ಮೆ ನೋಂದಣಿಯೇ ಆಗದಿರಬಹುದು. ಪರದೆಯೊಳಗೆ ಸೆನ್ಸರ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಹೊಸ ಡಿಸ್‌ಪ್ಲೇಗೆ ಸೆನ್ಸರನ್ನು ಹೊಂದಿಸುವ ಕ್ಯಾಲಿಬ್ರೇಶನ್ ಬೇಕಾಗುತ್ತದೆ. ಆದ್ದರಿಂದ ಅಂಗಡಿಯಿಂದ ಹೊರಡುವ ಮೊದಲು ಅಲ್ಲೇ ಒಂದು ಬೆರಳನ್ನು ನೋಂದಾಯಿಸಿ ನೋಡಿ. ಆಗದಿದ್ದರೆ ಅದು ರಿಪೇರಿಯ ದೋಷ, ಅವರೇ ಸರಿಮಾಡಬೇಕು.

ಹೊಸ ಸ್ಕ್ರೀನ್ ಗಾರ್ಡ್ ಹಾಕಿಸುವುದಾದರೆ ಅದನ್ನು ಹಾಕಿಸಿದ ಮೇಲೆಯೇ ಪೂರ್ತಿ ನೋಂದಣಿ ಮಾಡಿ, ಮತ್ತು ನೋಂದಣಿಯ ನಂತರ ನಿಮ್ಮದಲ್ಲದ ಬೆರಳಿನಿಂದಲೂ ಪರೀಕ್ಷಿಸಿ. 2019ರಲ್ಲಿ ಸ್ಯಾಮ್‌ಸಂಗ್‌ನ ಎಸ್10 ಸರಣಿಯ ಫೋನುಗಳಲ್ಲಿ ಕೆಲವು ಸಿಲಿಕೋನ್ ಹೊದಿಕೆಗಳ ಮೇಲಿನ ವಿನ್ಯಾಸವನ್ನೇ ಸೆನ್ಸರ್ ಬೆರಳೆಂದು ತಿಳಿದು, ಯಾರ ಬೆರಳಿಟ್ಟರೂ ತೆರೆದುಕೊಳ್ಳುವಂತಾಗಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ಸರಿಪಡಿಸಿದರು. ಪಕ್ಕದಲ್ಲಿರುವವರ ಹೆಬ್ಬೆರಳನ್ನು ನಾಲ್ಕೈದು ಬಾರಿ ಇಡಿಸಿ ನೋಡಿ, ತೆರೆಯದಿದ್ದರೆ ಮಾತ್ರ ವಾಲೆಟ್‌ಗೆ ಕಾರ್ಡುಗಳನ್ನು ಮತ್ತೆ ಸೇರಿಸಲು ತೊಡಗಿ. ಬ್ಯಾಂಕು ಹೊಸದಾಗಿ ದೃಢೀಕರಣ ಕೇಳಿ ಹೊಸ ಟೋಕನ್ ಕೊಡುತ್ತದೆ. ಆ ಒಟಿಪಿ ಬರಲು ಸಿಮ್ ಅಷ್ಟರಲ್ಲಿ ಫೋನಿಗೆ ಮರಳಿರಬೇಕು.